ಆರು ದಿನದ ಟ್ರಾಕ್ಟರ್ ಗಂಟೆ ಕೂಡಿಸಿದರೆ 21:55 ಬರುತ್ತಿದೆ, ಬಿಲ್ 1,913 ರೂಪಾಯಿ!

ವಿಸಿ_ನಾಲೆ_ದಂಡೆ · ಪಾಂಡವಪುರ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರದ್ದು ಎರಡು ಟ್ರಾಕ್ಟರ್ ಇವೆ. ರೋಟವೇಟರ್ ಹೊಡೆಯೋಕೆ ಬಾಡಿಗೆಗೆ ಹೋಗುತ್ತವೆ. ಲೆಕ್ಕ ಈಗ ನನ್ನ ತಲೆಗೆ ಬಂದಿದೆ. ಡ್ರೈವರ್ ದಿನಾ ಸಂಜೆ ಎಷ್ಟು ಹೊತ್ತು ಓಡಿತು ಅಂತ ಮೆಸೇಜ್ ಹಾಕುತ್ತಾರೆ. ಅದನ್ನು ಎಕ್ಸೆಲ್‌ಗೆ ಅಂಟಿಸಿದ್ದೇನೆ. ಹೋದ ವಾರದ್ದು ಹೀಗಿದೆ:

```
B2   6:45
B3   8:20
B4   5:50
B5   9:15
B6   7:40
B7   8:05
```

ಗಂಟೆಗೆ 1,000 ರೂಪಾಯಿ ರೇಟು. ಕೆಳಗೆ SUM ಹಾಕಿದರೆ ಸೊನ್ನೆ ಬಂತು. ಎಲ್ಲೋ ನೋಡಿಕೊಂಡು TIMEVALUE ಅಂತ ಪಕ್ಕದ ಕಾಲಂನಲ್ಲಿ ಹಾಕಿದೆ. ಮೊದಲ ಸಾಲಿಗೇ 0.28125 ಅಂತ ಬಂದು ಗಾಬರಿಯಾಯಿತು. ಟೈಮ್ ಫಾರ್ಮ್ಯಾಟ್ ಕೊಟ್ಟೆ, 6:45 ಆಯಿತು, ಸಮಾಧಾನ. ಆಮೇಲೆ ಕೂಡಿಸಿದರೆ 21:55. ಬೆರಳಲ್ಲಿ ಎಣಿಸಿದರೂ ನಲವತ್ತು ಗಂಟೆ ದಾಟುತ್ತೆ ಅಲ್ವಾ? ಅದನ್ನು 1,000ದಿಂದ ಗುಣಿಸಿದರೆ 1,913.19 ರೂಪಾಯಿ. ಆರು ದಿನ ಡೀಸೆಲ್ ಸುಟ್ಟು 1,913 ತಗೊಂಡರೆ ಮಾವ ನನ್ನನ್ನೇ ನೇಗಿಲಿಗೆ ಕಟ್ಟುತ್ತಾರೆ.

ಎಲ್ಲಿ ತಪ್ಪಿದೆ ಹೇಳಿ ದಯವಿಟ್ಟು.

---

ಕೆಆರ್‌ಎಸ್_ಕಿಟ್ಟಿ · ಮೈಸೂರು

ಅಕ್ಕ, ಇದು ಎಲ್ಲರಿಗೂ ಆಗುವುದೇ. ನಿಮ್ಮ ಮೊತ್ತ ಸರಿಯಾಗಿಯೇ ಇದೆ, ತೋರಿಸುವುದು ಮಾತ್ರ ತಪ್ಪು. ಆ ಸೆಲ್ ಮೇಲೆ Ctrl+1 ಒತ್ತಿ, Custom ಗೆ ಹೋಗಿ, ಇದನ್ನು ಕೊಡಿ:

```
[h]:mm
```

45:55 ಬರುತ್ತದೆ. ಮುಗೀತು.

---

ವಿಸಿ_ನಾಲೆ_ದಂಡೆ

ಬಂತು ಬಂತು! 45:55. ಥ್ಯಾಂಕ್ಸ್ ಕಿಟ್ಟಿ ಅವರೇ. ಆದರೆ ಬಿಲ್ ಇನ್ನೂ 1,913.19 ಅಂತಲೇ ಇದೆ. ಕೊನೆಗೆ 45.55 ಅಂತ ಕೈಯಲ್ಲೇ ಹೊಡೆದು ಗುಣಿಸಿದೆ, 45,550 ಬಂತು. ಇದು ಸರೀನಾ?

---

ಸರಸ್ವತಿಪುರಂ_3ನೇ_ಮೇನ್ · ಮೈಸೂರು

ಸರಿಯಲ್ಲ ಅಮ್ಮ. 366 ರೂಪಾಯಿ ಚಿಲ್ಲರೆ ಕಳೆದುಕೊಂಡಿರಿ.

ನಾನು ಇಪ್ಪತ್ತು ವರ್ಷ ಕಾರ್ಖಾನೆಯೊಂದರಲ್ಲಿ ಸಂಬಳದ ಲೆಕ್ಕ ಬರೆದವನು. ಓವರ್‌ಟೈಮ್ ಗಂಟೆಗಳ ಜೊತೆ ಇದೇ ಜಗಳ ದಿನಾ ಇರುತ್ತಿತ್ತು. ನಿಧಾನಕ್ಕೆ ಹೇಳುತ್ತೇನೆ.

ಎಕ್ಸೆಲ್‌ಗೆ ಗಂಟೆ ಅನ್ನುವುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ದಿನ ಒಂದೇ. ಒಂದು ದಿನ ಅಂದರೆ 1. ಅರ್ಧ ದಿನ ಅಂದರೆ 0.5. ನಿಮ್ಮ ಆರೂಮುಕ್ಕಾಲು ಗಂಟೆ ಅಂದರೆ ದಿನದಲ್ಲಿ 24ನೇ ಪಾಲಿನಂತೆ ಆರೂಮುಕ್ಕಾಲು ಪಾಲು, ಅದೇ ನಿಮಗೆ ಕಂಡ 0.28125. ಗಾಬರಿ ಪಡಬೇಕಿರಲಿಲ್ಲ, ಅದೇ ನಿಜವಾದ ಬೆಲೆ. 6:45 ಅನ್ನುವುದು ಅದಕ್ಕೆ ಉಡಿಸಿದ ಬಟ್ಟೆ.

ಒಟ್ಟು 1.913194 ದಿನ ಆಯಿತು. h:mm ಬಟ್ಟೆ ಗೋಡೆ ಗಡಿಯಾರದ ಹಾಗೆ. ಪೂರ್ತಿ ದಿನಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ತೋರಿಸುತ್ತದೆ. ಒಂದು ದಿನ ಬಿಟ್ಟರೆ ಉಳಿದದ್ದು 21:55. ಚೌಕ ಆವರಣ ಹಾಕಿದರೆ ಆ ದಿನವೂ ಗಂಟೆಯಾಗಿ ಸೇರುತ್ತದೆ. ಆದರೆ ಒಳಗಿನ ಬೆಲೆ 1.913194 ಹಾಗೇ ಇದೆ. ನೀವು ಗುಣಿಸಿದ್ದು ದಿನವನ್ನು, ರೇಟು ಇರುವುದು ಗಂಟೆಗೆ. ಅದಕ್ಕೇ 1,913.

ಅಂದಮೇಲೆ ದುಡ್ಡಿನ ಲೆಕ್ಕಕ್ಕೆ ಮೊದಲು 24ರಿಂದ ಗುಣಿಸಬೇಕು:

```
=SUM(C2:C7)*24
```

ಈ ಸೆಲ್‌ಗೆ Number ಫಾರ್ಮ್ಯಾಟ್ ಕೊಡಿ. 45.92 ಅಂತ ಕಾಣುತ್ತದೆ, ಒಳಗೆ 45.916667 ಇರುತ್ತದೆ. 1,000ದಿಂದ ಗುಣಿಸಿದರೆ 45,916.67. ಇದು ಸರಿಯಾದ ಬಿಲ್.

45.55 ಯಾಕೆ ತಪ್ಪು ಅಂದರೆ, 55 ನಿಮಿಷ ಅನ್ನುವುದು 60ರಲ್ಲಿ 55. ಚುಕ್ಕಿ ಆದಮೇಲೆ ಬರುವುದು 100ರಲ್ಲಿ ಎಷ್ಟು ಅನ್ನುವುದು. ನಮ್ಮ ಬಾಯಿಮಾತಿನಲ್ಲೇ ಇದು ಚೆನ್ನಾಗಿದೆ ನೋಡಿ. ಆರೂಮುಕ್ಕಾಲು ಅಂದಾಗ ಯಾರೂ 6.45 ಅಂದುಕೊಳ್ಳುವುದಿಲ್ಲ, 6.75 ಅಂತಲೇ ಮನಸ್ಸಿಗೆ ಬರುತ್ತದೆ. ಬರೆಯುವಾಗ ಮಾತ್ರ ಎಡವುತ್ತೇವೆ.

---

ರಾತ್ರಿಪಾಳಿ · ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾ, ಮೈಸೂರು

ನನಗೂ ಇದೇ ಸಮಸ್ಯೆ ಸರ್. ಸೆಕ್ಯುರಿಟಿ ಹುಡುಗರು ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋಗುತ್ತಾರೆ. ಕಳೆದರೆ ಸೆಲ್ ತುಂಬಾ ##### ಬರುತ್ತದೆ. ಚೌಕ ಆವರಣ ಹಾಕಿದರೂ ಹೋಗಲಿಲ್ಲ.

---

ಸರಸ್ವತಿಪುರಂ_3ನೇ_ಮೇನ್

ನಿಮ್ಮದು ಬೇರೆ ಕಾಯಿಲೆ. 6ರಲ್ಲಿ 22 ಕಳೆದರೆ ಮೈನಸ್ ಬರುತ್ತದೆ. ಮೈನಸ್ ಹೊತ್ತನ್ನು ಎಕ್ಸೆಲ್ ತೋರಿಸುವುದಿಲ್ಲ. ಬಂದ ಹೊತ್ತು A ಕಾಲಂ, ಹೋದ ಹೊತ್ತು B ಕಾಲಂ ಆದರೆ ಹೀಗೆ ಹಾಕಿ, 8 ಬರುತ್ತದೆ:

```
=MOD(B2-A2,1)*24
```

ಮುಂದಿನ ಪ್ರಶ್ನೆ ಇದ್ದರೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಆ ಅಮ್ಮನ ಟ್ರಾಕ್ಟರ್ ಇನ್ನೂ ಗದ್ದೆಯಲ್ಲೇ ಇದೆ.

---

ವಿಸಿ_ನಾಲೆ_ದಂಡೆ

ಸರ್, ಅರ್ಥ ಆಯಿತು. ದಿನ ಅನ್ನುವ ಮಾತು ಮೊದಲೇ ಯಾರಾದರೂ ಹೇಳಿದ್ದರೆ ನಿನ್ನೆ ರಾತ್ರಿ ನಿದ್ದೆ ಮಾಡಿರುತ್ತಿದ್ದೆ.

ಇನ್ನೊಂದು. ಹೋದ ತಿಂಗಳ ಒಟ್ಟು ಮೊತ್ತವನ್ನು ಡ್ರೈವರ್ ಒಂದೇ ಸಾಲಿನಲ್ಲಿ 142:35 ಅಂತ ಕಳಿಸಿದ್ದರು. ಅದಕ್ಕೂ TIMEVALUE ಹಾಕಿ 24ರಿಂದ ಗುಣಿಸಿದೆ. 22.58 ಬರುತ್ತಿದೆ.

---

ಕೆಆರ್‌ಎಸ್_ಕಿಟ್ಟಿ

ಅದಕ್ಕೂ [h]:mm ಹಾಕಿ ಅಕ್ಕ.

---

ಸರಸ್ವತಿಪುರಂ_3ನೇ_ಮೇನ್

ಕಿಟ್ಟಿ, ಇಲ್ಲಿ ಬಟ್ಟೆ ಬದಲಿಸಿದರೆ ಪ್ರಯೋಜನವಿಲ್ಲ. ಈ ಸಲ ಮೈಯೇ ಕಮ್ಮಿಯಾಗಿದೆ.

TIMEVALUE ಕೊಡುವುದು ದಿನದೊಳಗಿನ ಹೊತ್ತನ್ನು ಮಾತ್ರ. 142 ಗಂಟೆಯಲ್ಲಿ ಐದು ಪೂರ್ತಿ ದಿನ ಇವೆ, 120 ಗಂಟೆ. ಅದನ್ನು ಎಸೆದು ಉಳಿದ 22:35 ಮಾತ್ರ ಕೈಗೆ ಕೊಡುತ್ತದೆ. ಎರರ್ ಕೂಡ ತೋರಿಸುವುದಿಲ್ಲ, ಅದೇ ಅಪಾಯ. ದಿನದ ಸಾಲುಗಳಿಗೆ ತೊಂದರೆ ಇಲ್ಲ, ಯಾವ ಡ್ರೈವರೂ ಒಂದೇ ದಿನ 24 ಗಂಟೆ ಓಡಿಸುವುದಿಲ್ಲ. ಮೊತ್ತದ ಸಾಲಿಗೆ ಮಾತ್ರ ಕುತ್ತು.

ಅದರ ಬದಲು VALUE ಹಾಕಿ:

```
=VALUE(B9)*24
```

142.58 ಬರುತ್ತದೆ.

---

ವಿಸಿ_ನಾಲೆ_ದಂಡೆ

ಬಂತು ಸರ್. ಆದರೆ ಹಾಗೇ ಪ್ರಯತ್ನ ಮಾಡೋಣ ಅಂತ ಬೇರೆ ಖಾಲಿ ಸೆಲ್‌ನಲ್ಲಿ 142:35 ಅಂತ ಟೈಪ್ ಮಾಡಿದೆ. ಮೇಲಿನ ಫಾರ್ಮುಲಾ ಪಟ್ಟಿಯಲ್ಲಿ 05-01-1900 22:35:00 ಅಂತ ಕಾಣಿಸಿತು. 1900ನೇ ಇಸವಿಯಲ್ಲಿ ನಮ್ಮ ಮಾವನ ತಾತನೂ ಟ್ರಾಕ್ಟರ್ ನೋಡಿರಲಿಕ್ಕಿಲ್ಲ.

---

ಸರಸ್ವತಿಪುರಂ_3ನೇ_ಮೇನ್

ಹ್ಹಹ್ಹ. ಅದೂ ಅದೇ ಕಥೆ. ಎಕ್ಸೆಲ್ ದಿನ ಎಣಿಸಲು ಶುರು ಮಾಡುವುದು 1900ರ ಜನವರಿ 1ರಿಂದ. 142:35 ಅಂದರೆ ಐದು ದಿನ ಮೇಲೆ 22:35. ಐದನೇ ದಿನ ಅಂದರೆ ಜನವರಿ 5. ಪಟ್ಟಿಯಲ್ಲಿ ಹಾಗೆ ಕಂಡರೆ ಹೆದರಬೇಡಿ, ಅದು ನಿಜವಾದ ಸಂಖ್ಯೆಯಾಗಿ ಕೂತಿದೆ ಅನ್ನುವುದಕ್ಕೆ ಗುರುತು. ಪಟ್ಟಿಯಲ್ಲೂ ಸುಮ್ನೆ 142:35 ಅಂತಲೇ ಇದ್ದು, ಸೆಲ್‌ನಲ್ಲಿ ಎಡಕ್ಕೆ ಅಂಟಿಕೊಂಡಿದ್ದರೆ ಅದು ಬರೀ ಅಕ್ಷರ. ನಿಮ್ಮ ಮೊದಲ SUM ಸೊನ್ನೆ ಆದದ್ದೂ ಅದಕ್ಕೇ. SUM ಅಕ್ಷರಗಳನ್ನು ನೋಡಿಯೂ ನೋಡದ ಹಾಗೆ ಹೋಗುತ್ತದೆ.

---

ಮದ್ದೂರು_ವಡೆ · ಮದ್ದೂರು

ಯಾಕೆ ಇಷ್ಟೆಲ್ಲ ತಲೆನೋವು? ನಮ್ಮದು ಜೆಸಿಬಿ. ಡ್ಯಾಶ್‌ಬೋರ್ಡಿನಲ್ಲಿ ಗಂಟೆ ಮೀಟರ್ ಇದೆ. ಬೆಳಿಗ್ಗೆ 3412.6, ಸಂಜೆ 3420.1. ಕಳೆದರೆ 7.5. ಏಳೂವರೆ ಗಂಟೆ. ಒಂದು ಅಂಕಿ ಅಂದರೆ ಆರು ನಿಮಿಷ. ಎಕ್ಸೆಲ್ಲೂ ಬೇಡ ಗಿಕ್ಸೆಲ್ಲೂ ಬೇಡ. ನಿಮ್ಮ ಟ್ರಾಕ್ಟರ್‌ನಲ್ಲೂ ಇರುತ್ತೆ, ಅದನ್ನೇ ಬರೆಸಿ.

---

ಬೆಲ್ಲದಚ್ಚು · ಮಂಡ್ಯ

ಮದ್ದೂರಣ್ಣ, ಹಳೇ ಟ್ರಾಕ್ಟರ್ ಮೀಟರ್ ನಂಬಬೇಡಿ. ಅದು ಇಂಜಿನ್ ತಿರುಗುವ ಸ್ಪೀಡಿನ ಮೇಲೆ ಓಡುತ್ತದೆ. ಅದಕ್ಕೆ ನಿಗದಿ ಮಾಡಿದ ಸ್ಪೀಡಿನಲ್ಲಿದ್ದರೆ ಮಾತ್ರ ಗಡಿಯಾರದ ಗಂಟೆಗೆ ಸರಿಹೊಂದುತ್ತೆ. ಬದುವಿನ ಹತ್ತಿರ ಐಡಲಿನಲ್ಲಿ ನಿಂತರೆ ಮೀಟರ್ ಆಮೆ. ಬಾಡಿಗೆ ಮಾತಾಡಿದ್ದು ಗಡಿಯಾರದ ಗಂಟೆಗೆ ಆದರೆ ಜಗಳ ಗ್ಯಾರಂಟಿ.

---

ವಿಸಿ_ನಾಲೆ_ದಂಡೆ · ಸೋಮವಾರ ಮಧ್ಯಾಹ್ನ

ಬೆಲ್ಲದಚ್ಚು ಹೇಳಿದ್ದು ನಿಜ, ನಮ್ಮ ಒಂದು ಗಾಡಿ ಹಳೆಯದು. ಮೀಟರ್ ಬೇಡ.

ಸರ್, ನಿಜ ಹೇಳಬೇಕು ಅಂದರೆ ಇನ್ನೂ ಒಂದು ಕಷ್ಟ ಇದೆ. ಆ ಮೆಸೇಜ್ ಇರುವುದು ಹೋದ ಒಂದು ವಾರಕ್ಕೆ ಮಾತ್ರ. ಅದಕ್ಕೂ ಹಿಂದಿನ ಮೂರು ವಾರದ್ದು ನಮ್ಮ ಮನೆ ಹುಡುಗ ಫೋನಿನಲ್ಲೇ ಶೀಟ್‌ಗೆ ಹೊಡೆದಿದ್ದಾನೆ. ಫೋನ್ ಕೀಪ್ಯಾಡಿನಲ್ಲಿ ಎರಡು ಚುಕ್ಕಿ ಹುಡುಕುವುದು ಕಷ್ಟ ಅಂತ ಒಂದೇ ಚುಕ್ಕಿ ಹಾಕಿದ್ದಾನೆ. ಹೋದ ವಾರದ್ದನ್ನೂ ಅವನು ಹೊಡೆದಿದ್ದ, ತಾಳೆ ನೋಡೋಣ ಅಂತ ಪಕ್ಕದಲ್ಲಿ ಇಟ್ಟೆ:

```
B2   6.45
B3   8.2
B4   5.5
B5   9.15
B6   7.4
B7   8.05
```

ಕೂಡಿಸಿದರೆ 44.75. ಮೊದಲಿನದ್ದು 45.92 ಅಲ್ವಾ?

---

ಕೆಆರ್‌ಎಸ್_ಕಿಟ್ಟಿ

ಇದು ಸುಲಭ ಅಕ್ಕ. ಕಾಲಂ ಸೆಲೆಕ್ಟ್ ಮಾಡಿ, Ctrl+H ಒತ್ತಿ, ಚುಕ್ಕಿ ತೆಗೆದು ಎರಡು ಚುಕ್ಕಿ ಹಾಕಿ, Replace All. ಎಲ್ಲ ಟೈಮ್ ಆಗಿಬಿಡುತ್ತವೆ. ನಾನು ಆಫೀಸಿನಲ್ಲಿ ಹೀಗೇ ಮಾಡುವುದು.

---

ವಿಸಿ_ನಾಲೆ_ದಂಡೆ

ಮಾಡಿದೆ. ಎಲ್ಲ ಟೈಮ್ ಆಯಿತು, ಎಡಕ್ಕೆ ಇರಲಿಲ್ಲ, ಬಲಕ್ಕೆ ಬಂತು. ಒಟ್ಟು 44:16. ಈಗ ಮೂರನೇ ಉತ್ತರ!

---

ಸರಸ್ವತಿಪುರಂ_3ನೇ_ಮೇನ್

ಮೊದಲು Ctrl+Z ಒತ್ತಿ ಹಿಂದಕ್ಕೆ ತನ್ನಿ. ಮೂಲ ಕಾಲಂ ಮೇಲೆ ಯಾವತ್ತೂ Replace ಹಾಕಬೇಡಿ, ಪಕ್ಕದಲ್ಲಿ ನಕಲು ಮಾಡಿಕೊಳ್ಳಿ.

ಏನಾಯಿತು ನೋಡಿ. ಹುಡುಗ ಹೊಡೆದದ್ದು 8.20. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡಿತು. ಸಂಖ್ಯೆಯ ಕೊನೆಯ ಸೊನ್ನೆಗೆ ಬೆಲೆ ಇಲ್ಲ, ಅದಕ್ಕೆ 8.2 ಅಂತ ಇಟ್ಟುಕೊಂಡಿತು. ಈಗ ಚುಕ್ಕಿ ಬದಲಿಸಿದರೆ 8:2 ಆಗುತ್ತದೆ. 8:2 ಅಂದರೆ ಎಂಟು ಗಂಟೆ ಎರಡು ನಿಮಿಷ. ಹದಿನೆಂಟು ನಿಮಿಷ ಹೋಯಿತು. 5.5 ಹೋಗಿ 5:05 ಆಯಿತು, ಅಲ್ಲಿ 45 ನಿಮಿಷ. 7.4 ಹೋಗಿ 7:04, ಅಲ್ಲಿ 36. ಮೂರೂ ಸೇರಿ 99 ನಿಮಿಷ. 45:55ರಿಂದ ಅದನ್ನು ಕಳೆದರೆ ನಿಮ್ಮ 44:16.

ಕಿಟ್ಟಿಯ ಆಫೀಸಿನಲ್ಲಿ ಇದು ನಡೆಯುತ್ತಿದ್ದರೆ ಅಲ್ಲಿ ಕಾಲಂ ಮೊದಲೇ Text ಆಗಿರಬೇಕು. ಆಗ ಆ ಸೊನ್ನೆ ಉಳಿಯುತ್ತದೆ. ಇಲ್ಲದಿದ್ದರೆ ಕಿಟ್ಟಿ, ಇವತ್ತೇ ಹೋಗಿ ಹಳೆಯ ಶೀಟ್ ನೋಡಿ. 10, 20, 30, 40, 50 ನಿಮಿಷ ಇರುವ ಸಾಲುಗಳೆಲ್ಲ 1, 2, 3, 4, 5 ಆಗಿವೆಯಾ ಅಂತ.

---

ಕೆಆರ್‌ಎಸ್_ಕಿಟ್ಟಿ

ನೋಡಿದೆ ಸರ್. ಮಾತಾಡುವುದಿಲ್ಲ.

ಹಾಗಾದರೆ ಇನ್ನೊಂದು ದಾರಿ. DOLLARDE ಅಂತ ಒಂದು ಫಂಕ್ಷನ್ ಇದೆ, ಷೇರಿನ ಬೆಲೆಗೆ ಮಾಡಿದ್ದು. ಅದಕ್ಕೆ 60 ಕೊಟ್ಟರೆ ಚುಕ್ಕಿಯ ನಿಮಿಷವನ್ನು ಗಂಟೆ ಮಾಡುತ್ತದೆ. ಒಟ್ಟು ಮೊತ್ತಕ್ಕೆ ಒಂದೇ ಸಲ ಹಾಕಿಬಿಡಿ:

```
=DOLLARDE(SUM(B2:B7),60)
```

---

ವಿಸಿ_ನಾಲೆ_ದಂಡೆ

45.25. ನಾಲ್ಕನೇ ಉತ್ತರ 🙂

---

ಸರಸ್ವತಿಪುರಂ_3ನೇ_ಮೇನ್

ಕಿಟ್ಟಿ, ಫಂಕ್ಷನ್ ಸರಿಯಾದದ್ದೇ ತಂದಿರಿ, ಹಾಕಿದ ಜಾಗ ತಪ್ಪು.

ನಿಮಿಷಗಳನ್ನಷ್ಟೇ ಕೂಡಿಸಿ ನೋಡಿ. 45, 20, 50, 15, 40, 5. ಒಟ್ಟು 175 ನಿಮಿಷ. ಅಂದರೆ ಎರಡು ಗಂಟೆ 55 ನಿಮಿಷ. ಗಂಟೆಗಳು 43. ಸೇರಿ 45:55. ಆದರೆ SUM ಅದನ್ನು 1.75 ಅಂತ ಓದಿತು. ನೂರು ನಿಮಿಷ ಆದ ಕೂಡಲೇ ಒಂದು ಗಂಟೆ ಅಂತ ಮೇಲಕ್ಕೆ ಸಾಗಿಸಿತು. ಅರವತ್ತಕ್ಕೆ ಸಾಗಿಸಬೇಕಿತ್ತು. ಒಂದೊಂದು ಸಲ ಹೀಗೆ ಸಾಗಿಸಿದಾಗಲೂ 40 ನಿಮಿಷ ಆವಿಯಾಗುತ್ತದೆ. ಇಲ್ಲಿ ಒಂದು ಸಲ ಆಗಿದೆ, ಅದಕ್ಕೇ 45:55 ಬದಲು 45:15. ಆರು ಸಾಲಿಗೆ 40 ನಿಮಿಷ. ಇಡೀ ತಿಂಗಳಿಗೆ ಎಷ್ಟು ಸಲ ಸಾಗಿರುತ್ತದೆ ಲೆಕ್ಕ ಹಾಕಿಕೊಳ್ಳಿ.

ಕೂಡಿಸುವ ಮೊದಲು ಪ್ರತಿ ಸಾಲನ್ನೂ ಬದಲಿಸಬೇಕು. C2ನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=DOLLARDE(B2,60)
```

8.2 ಇದ್ದರೂ 8.20 ಇದ್ದರೂ ಅದಕ್ಕೆ ಒಂದೇ, ಇಪ್ಪತ್ತು ನಿಮಿಷ ಅಂತಲೇ ಓದುತ್ತದೆ. 8.3333 ಕೊಡುತ್ತದೆ. ಇದು ಆಗಲೇ ಗಂಟೆ. ಇದನ್ನು ಮತ್ತೆ 24ರಿಂದ ಗುಣಿಸಬೇಡಿ! ಇದರ SUM ತೆಗೆದರೆ 45.9167.

---

ವಿಸಿ_ನಾಲೆ_ದಂಡೆ

ತಾಳೆ ಆಯಿತು!! ಎರಡೂ 45.92. ಸರ್, ನಿಮ್ಮ ಮನೆ ಕಡೆ ಬಂದಾಗ ಒಂದು ಅಚ್ಚು ಬೆಲ್ಲ ತರುತ್ತೇನೆ.

ಎರಡನೇ ಟ್ರಾಕ್ಟರ್ ಡ್ರೈವರ್ ಮೆಸೇಜ್‌ಗೂ ಇದೇ ಕೆಲಸ ಮಾಡೋಣ ಅಂತ ಕೂತೆ. ಅವರದ್ದು ಎರಡು ಚುಕ್ಕಿ. VALUE ಹಾಕಿದರೆ ಎಲ್ಲ ಸರಿ, ಒಂದು ಸಾಲು ಮಾತ್ರ #VALUE! ಅನ್ನುತ್ತಿದೆ. ಕಣ್ಣಿಗೆ 7:25 ಅಂತ ಚೆನ್ನಾಗಿಯೇ ಇದೆ.

---

ಸರಸ್ವತಿಪುರಂ_3ನೇ_ಮೇನ್

ಆ ಸೆಲ್‌ಗೆ LEN ಹಾಕಿ ಎಷ್ಟು ಬರುತ್ತೆ ಹೇಳಿ.

---

ವಿಸಿ_ನಾಲೆ_ದಂಡೆ

5.

---

ಸರಸ್ವತಿಪುರಂ_3ನೇ_ಮೇನ್

7:25ರಲ್ಲಿ ನಾಲ್ಕೇ ಅಕ್ಷರ. ಐದನೆಯದು ಕಾಣದ ಜಾಗ. TRIM ಹಾಕಿಯೂ ಹೋಗದಿದ್ದರೆ ಅದು ಮಾಮೂಲಿ ಸ್ಪೇಸ್ ಅಲ್ಲ, ಸಾಲು ಮುರಿಯದ ಹಾಗೆ ಅಂಟಿಸುವ ಸ್ಪೇಸ್. ಬೇರೆ ಕಡೆಯಿಂದ ಅಂಟಿಸುವಾಗ ಬರುತ್ತದೆ. ಇದನ್ನು ಹಾಕಿ:

```
=VALUE(SUBSTITUTE(B5,CHAR(160),""))*24
```

---

ಮದ್ದೂರು_ವಡೆ

ಇಷ್ಟು ಹೊತ್ತಿಗೆ ನಾನು ಎರಡು ಕೆರೆ ಹೂಳು ತೆಗೆದಿರುತ್ತಿದ್ದೆ.

---

ವಿಸಿ_ನಾಲೆ_ದಂಡೆ · ಸೋಮವಾರ ರಾತ್ರಿ

ಆ ಸಾಲೂ ಸರಿ ಹೋಯಿತು.

ಮದ್ದೂರಣ್ಣ, ಸ್ವಲ್ಪ ತಾಳಿ, ನಿಮ್ಮ ಮಾತೇ ಈಗ ನನಗೆ ತಲೆಬಿಸಿ ಮಾಡಿದೆ. ಹುಡುಗನ ಮೂರು ವಾರದ ಪಟ್ಟಿಯಲ್ಲಿ ಒಂದು ಕಡೆ 6.75 ಇದೆ. 75 ನಿಮಿಷ ಅಂತ ಇರುವುದೇ ಇಲ್ಲ ಅಲ್ವಾ? ಕೇಳಿದರೆ "ಅವತ್ತು ಡ್ರೈವರ್ ಅಣ್ಣ ಆರೂಮುಕ್ಕಾಲು ಅಂದರು, ಅದಕ್ಕೆ ಹಾಗೆ ಹಾಕಿದೆ" ಅಂತಾನೆ. ಅಂದರೆ ಕೆಲವು ದಿನ ಗಂಟೆ-ನಿಮಿಷ, ಕೆಲವು ದಿನ ಮುಕ್ಕಾಲು, ಅರ್ಧ. ಇನ್ನು 7.5 ಅಂತ ನಾಲ್ಕು ಸಾಲು ಇವೆ. ಅದು ಏಳೂವರೆನಾ, 7:50 ಆ?

---

ಮದ್ದೂರು_ವಡೆ

7.5 ಅಂದರೆ ಏಳೂವರೆ. ಅದರಲ್ಲಿ ಕೇಳುವುದೇನಿದೆ?

---

ಸರಸ್ವತಿಪುರಂ_3ನೇ_ಮೇನ್

ನಿಮ್ಮ ಮೀಟರ್‌ನಲ್ಲಿ ಏಳೂವರೆ ಅಣ್ಣ. ಈ ಹುಡುಗನ ಬೆರಳಲ್ಲಿ ಬುಧವಾರದ 5.5 ಅಂದರೆ 5:50 ಆಗಿತ್ತು, ಡ್ರೈವರ್ ಮೆಸೇಜ್ ನೋಡಿ ನಮಗೆ ಗೊತ್ತಾಯಿತು. ಆ ಮೆಸೇಜ್ ಇಲ್ಲದಿದ್ದರೆ ಗೊತ್ತಾಗುತ್ತಿರಲಿಲ್ಲ.

ಅಮ್ಮ, ಇದಕ್ಕೆ ಫಾರ್ಮುಲಾ ಇಲ್ಲ. ಎರಡು ಅರ್ಥದ ಬರಹವನ್ನು ಯಾವ ಶೀಟೂ ಬಿಡಿಸಲಾರದು. ಮಾಡಬಹುದಾದದ್ದು ಅನುಮಾನದ ಸಾಲುಗಳನ್ನು ಹೆಕ್ಕುವುದು. ಚುಕ್ಕಿ ಆದಮೇಲೆ 60ರಿಂದ 99ರವರೆಗೆ ಇದ್ದರೆ ಅದು ಖಂಡಿತ ನಿಮಿಷ ಅಲ್ಲ. ಅದನ್ನು ಹೀಗೆ ಹಿಡಿಯಬಹುದು:

```
=ROUND(MOD(B2,1)*100,0)>59
```

TRUE ಬಂದ ಸಾಲಿಗೆ DOLLARDE ಹಾಕಬೇಡಿ, ಹಾಗೇ ಬಿಡಿ. 6.75ಕ್ಕೆ DOLLARDE ಹಾಕಿದರೆ 7.25 ಆಗುತ್ತದೆ, ಅರ್ಧ ಗಂಟೆ ಜಾಸ್ತಿ. ಗಿರಾಕಿ ಸುಮ್ಮನಿರುವುದಿಲ್ಲ. .25 ಬಂದರೂ ಅನುಮಾನ ಪಡಿ, ಅದು ಕಾಲು ಗಂಟೆಯೂ ಆಗಬಹುದು, 25 ನಿಮಿಷವೂ ಆಗಬಹುದು. .5 ಸಾಲುಗಳನ್ನು ಡ್ರೈವರ್‌ಗೆ ಫೋನ್ ಮಾಡಿಯೇ ಕೇಳಬೇಕು. ಸಾಲಿಗೆ 20 ನಿಮಿಷದ ವ್ಯತ್ಯಾಸ, ನಿಮ್ಮ ರೇಟಿಗೆ 333 ರೂಪಾಯಿ. ನಾಲ್ಕಕ್ಕೆ 1,333.

---

ಬೆಲ್ಲದಚ್ಚು

ನಮ್ಮ ಕಡೆ ಯಾರು ಅಕ್ಕ ನಿಮಿಷ ಲೆಕ್ಕ ಹಾಕುತ್ತಾರೆ? ಕಾಲು ಗಂಟೆಗೆ ಸರಿಮಾಡಿ ಬಿಲ್ ಕೊಡಿ. 45:55 ಅಂದರೆ 46. ಗದ್ದೆಯವನು ಹೇಗೂ 45ಕ್ಕೆ ಇಳಿಸುತ್ತಾನೆ.

---

ಸರಸ್ವತಿಪುರಂ_3ನೇ_ಮೇನ್

ಸರಿಮಾಡುವುದು ನಿಮ್ಮ ನಿಮ್ಮ ಒಪ್ಪಂದ. ಆದರೆ ಎಲ್ಲಿ ಸರಿಮಾಡುತ್ತೀರಿ ಅನ್ನುವುದು ಮುಖ್ಯ. ಪ್ರತಿ ಸಾಲನ್ನೂ ಎರಡು ದಶಮಾಂಶಕ್ಕೆ ಸರಿಮಾಡಿ ಕೂಡಿಸಿದರೆ ಈ ವಾರ 45.91 ಬರುತ್ತದೆ. ಕೊನೆಯಲ್ಲಿ ಮಾತ್ರ ಸರಿಮಾಡಿದರೆ 45.92. ಹತ್ತು ರೂಪಾಯಿ. ನಾನು ಯಾವಾಗಲೂ ಕೊನೆಯಲ್ಲಿ ಮಾಡುತ್ತಿದ್ದೆ.

---

ಬೆಲ್ಲದಚ್ಚು

ದಿನದ ಬಿಲ್ ದಿನವೇ ಕೊಡುವವರು ಏನು ಮಾಡಬೇಕು ಸರ್? ಆಗ ಸಾಲು ಸಾಲಿಗೇ ಸರಿಮಾಡಲೇಬೇಕು. ಚೀಟಿಗಳನ್ನು ಕೂಡಿಸಿದರೆ ಒಂದು, ನಿಮ್ಮ ಶೀಟ್ ಇನ್ನೊಂದು. ಗಿರಾಕಿ ಚೀಟಿಯನ್ನೇ ಹಿಡಿದು ಬರುವುದು.

---

ಸರಸ್ವತಿಪುರಂ_3ನೇ_ಮೇನ್

ಅದು ಒಪ್ಪುವ ಮಾತು. ಚೀಟಿ ಕೊಟ್ಟಿದ್ದರೆ ಚೀಟಿಯದ್ದೇ ಲೆಕ್ಕ. ನನ್ನ ಅನುಭವ ತಿಂಗಳ ಸಂಬಳದ್ದು, ಬಾಡಿಗೆಯದ್ದಲ್ಲ.

---

ರಾತ್ರಿಪಾಳಿ

ಸರ್, ನಿಮ್ಮ MOD ಕೆಲಸ ಮಾಡಿತು. ನನ್ನ ಹುಡುಗರು "45 ನಿ" ಅಂತಲೂ ಬರೆಯುತ್ತಾರೆ. "ನಿ" ತೆಗೆದು 24ರಿಂದ ಗುಣಿಸಿದರೆ ಒಬ್ಬನಿಗೆ 1,080 ಗಂಟೆ ಬಂತು. ಅವನಿಗೆ ಹೇಳಿಲ್ಲ.

---

ಸರಸ್ವತಿಪುರಂ_3ನೇ_ಮೇನ್

ಹೇಳಬೇಡಿ. 45 ಒಂದೇ ಉಳಿದರೆ ಅದು 45 ದಿನ. ನಿಮಿಷ ಮಾತ್ರ ಇದ್ದರೆ 60ರಿಂದ ಭಾಗಿಸಿ, 0.75.

ಎಲ್ಲರಿಗೂ ಒಂದು ಮಾತು. ಸಾಲು ಬದಲಿಸಿದ ಮೇಲೆ ಆ ಕಾಲಂನಲ್ಲಿ MAX ಹಾಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ದಿನದ ಸಾಲಿನಲ್ಲಿ 24 ದಾಟಿದ್ದು ಕಂಡರೆ ಎಲ್ಲೋ ಎರಡು ಬಗೆಯ ಬರಹ ಬೆರೆತಿದೆ. 6.45 ಅನ್ನು ಟೈಮ್ ಅಂದುಕೊಂಡು 24ರಿಂದ ಗುಣಿಸಿದರೆ 154.8 ಬರುತ್ತದೆ, ತಕ್ಷಣ ಗೊತ್ತಾಗುತ್ತದೆ. MIN ಕೂಡ ನೋಡಿ, 0.28ರ ಥರ ಏನಾದರೂ ಇದ್ದರೆ ಅಲ್ಲಿ 24ರಿಂದ ಗುಣಿಸುವುದು ಮರೆತಿದ್ದೀರಿ.

---

ಕೆಆರ್‌ಎಸ್_ಕಿಟ್ಟಿ

ಅಕ್ಕ, ಮುಂದಕ್ಕೆ ಒಂದು ಸಲಹೆ, ಈ ಸಲ ಸರಿ ಇದೆ ಅಂದುಕೊಂಡಿದ್ದೇನೆ. ಒಂದೇ ಕಾಲಂನಲ್ಲಿ ಗಂಟೆ ನಿಮಿಷ ಎರಡೂ ಬೇಡ. B ಕಾಲಂ ಗಂಟೆ, C ಕಾಲಂ ನಿಮಿಷ. ಫೋನಿನಲ್ಲಿ ಬರೀ ಅಂಕಿ ಹೊಡೆದರೆ ಸಾಕು, ಚುಕ್ಕಿಯ ಗೊಡವೆಯೇ ಇಲ್ಲ.

```
=B2+C2/60
```

C ಕಾಲಂಗೆ Data Validation ಹಾಕಿ, Whole number, 0 ರಿಂದ 59. ಹುಡುಗ 75 ಹೊಡೆದರೆ ಒಳಗೆ ಬಿಡುವುದಿಲ್ಲ.

---

ಸರಸ್ವತಿಪುರಂ_3ನೇ_ಮೇನ್

ಶಭಾಷ್ ಕಿಟ್ಟಿ. ಇದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಹೊರಗಿಂದ ಅಂಟಿಸಿದರೆ ಮಾತ್ರ ಆ ಕಾವಲು ಕೆಲಸ ಮಾಡುವುದಿಲ್ಲ, ಟೈಪ್ ಮಾಡಿದರೆ ಮಾತ್ರ. ಅದನ್ನು ನೆನಪಿಡಿ.

---

ವಿಸಿ_ನಾಲೆ_ದಂಡೆ · ಮಂಗಳವಾರ ಬೆಳಿಗ್ಗೆ

ಎರಡು ಕಾಲಂ ಮಾಡಿ ಹುಡುಗನ ಕೈಗೆ ಕೊಟ್ಟೆ. "ಇದು ಮೊದಲೇ ಮಾಡಿದ್ದರೆ ನನ್ನನ್ನು ಬೈಯುತ್ತಿರಲಿಲ್ಲ" ಅಂದ. ಅದೂ ನಿಜ.

7.5ರ ನಾಲ್ಕು ಸಾಲಿಗೆ ಡ್ರೈವರ್‌ಗೆ ಫೋನ್ ಮಾಡಿದೆ. ಎರಡು ದಿನದ್ದು ಏಳೂವರೆ ಅಂತ ನೆನಪಿದೆ ಅಂದರು, ಒಂದು 7:50. ನಾಲ್ಕನೆಯದು ಅವರಿಗೂ ನೆನಪಿಲ್ಲ. ಅವತ್ತು ಮಳೆ ಬಂದು ಮಧ್ಯ ನಿಲ್ಲಿಸಿದ್ದರಂತೆ. ಗದ್ದೆಯವರನ್ನು ಕೇಳಿದರೆ ಏಳು ಗಂಟೆ ಮಾತ್ರ ಅಂತಾರೆ. ಮಾವ ಇವತ್ತು ಅಲ್ಲಿಗೇ ಹೋಗಿದ್ದಾರೆ.

---

ಬೆಲ್ಲದಚ್ಚು

ಕಾಫಿ ಕೊಟ್ಟು ಏಳೂಕಾಲಿಗೆ ಮುಗಿಸುತ್ತಾರೆ, ನೋಡಿ ಬೇಕಾದರೆ.